ಚೀಟಿಯ ಮೇಲೆ ‘ಪಾಸಿಟಿವ್’ ಎಂದು ಬರೆದರೆ ಸಾಲದು: ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮಗಳನ್ನು ರೂಪಿಸುವವರು ನೀವು. ಯಾವ ವಯಸ್ಸಿನವರನ್ನು ಕರೆಯಬೇಕು, ಯಾವ ಪರೀಕ್ಷೆ ಮಾಡಬೇಕು, ವರದಿಯಲ್ಲಿ ಏನು ಅಚ್ಚು ಹಾಕಬೇಕು ಎಂದು ತೀರ್ಮಾನಿಸುವವರೂ ನೀವೇ. ನಾನು ಆ ವರದಿ ಹಿಡಿದು ಬರುವ ಹೆಂಗಸರನ್ನು ನೋಡುವ ವೈದ್ಯೆ. ಬಂದವರ ಬಗ್ಗೆ ನನಗೆ ಚಿಂತೆ ಕಡಿಮೆ. ಬಾರದೆ ಉಳಿದವರ ಬಗ್ಗೆ ಈ ಪತ್ರ.

ಹೋದ ವರ್ಷ 38 ವಯಸ್ಸಿನ ಒಬ್ಬರು ಬಂದಿದ್ದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಅವರ ವಿಷಯ ಹೇಳುತ್ತೇನೆ. ಬಿಳಿಮುಟ್ಟು ಜಾಸ್ತಿ ಆಗಿದೆ ಅಂತ ತೋರಿಸಲು ಬಂದವರು. ಮಾತು ಮುಗಿಯುವ ಹೊತ್ತಿಗೆ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು, “ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಡಾಕ್ಟ್ರೇ?” ಅಂದರು. ಗರ್ಭಕಂಠದ ಕ್ಯಾನ್ಸರ್‌ಗೆ ದಾರಿಯಾಗಬಲ್ಲ ಎಚ್‌ಪಿವಿ ವೈರಸ್ ಇದೆಯೇ ಎಂದು ನೋಡಿದ, ನಾಲ್ಕು ವರ್ಷ ಹಳೆಯ ವರದಿ ಅದು. ಇದ್ದದ್ದು ಎರಡೇ ಸಾಲು. ‘ಎಚ್‌ಪಿವಿ 16: ಪಾಸಿಟಿವ್. ವೈದ್ಯರನ್ನು ಭೇಟಿ ಮಾಡಿ.’ ಅದರ ಕೆಳಗೆ ಮುಕ್ಕಾಲು ಪುಟ ಖಾಲಿ.

ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದೆ. ಬೈಯುವ ಧಾಟಿಯಲ್ಲಿ ಕೇಳಲಿಲ್ಲ, ಆದರೂ ಅವರು ತಲೆ ತಗ್ಗಿಸಿದರು. “ಇದು ಗಂಡ ಹೆಂಡತಿ ಸೇರೋದ್ರಿಂದ ಬರೋ ಕಾಯಿಲೆ ಅಂತ ಯಾರೋ ಹೇಳಿದ್ರು. ಮನೇಲಿ ಹೇಗೆ ತೋರಿಸಲಿ? ನೋವಿರಲಿಲ್ಲ, ಏನೂ ಇರಲಿಲ್ಲ. ಸುಮ್ನೆ ಬೀರುವಿನಲ್ಲಿ ಇಟ್ಟುಬಿಟ್ಟೆ.”

ನಿಮ್ಮ ಲೆಕ್ಕದಲ್ಲಿ ಇವರು ತಪಾಸಣೆ ಆದವರು. ಮಾದರಿ ತೆಗೆದಾಗಿತ್ತು, ಪರೀಕ್ಷೆ ನಡೆದಿತ್ತು, ಫಲಿತಾಂಶ ಕೈ ಸೇರಿತ್ತು. ನನ್ನ ಲೆಕ್ಕದಲ್ಲಿ ಅವರ ತಪಾಸಣೆ ಶುರುವಾದದ್ದು ಹೋದ ವರ್ಷ. ಈ ಎರಡು ಲೆಕ್ಕಗಳ ನಡುವೆ ಇರುವ ನಾಲ್ಕು ವರ್ಷಗಳಲ್ಲಿ ಅವರ ದೇಹದೊಳಗೆ ಏನು ನಡೆಯಿತು ಅನ್ನೋದನ್ನು ನಿಮ್ಮ ಮುಂದೆ ಬಿಡಿಸಿಡಬೇಕು. ಯಾಕೆಂದರೆ ಈ ಕಾಯಿಲೆಯಲ್ಲಿ ಎಲ್ಲವೂ ಸಮಯದ ಮೇಲೆಯೇ ನಿಂತಿದೆ.

ಎಚ್‌ಪಿವಿ ಅಂದರೆ ಒಂದು ವೈರಸ್ ಅಲ್ಲ, ಒಂದು ದೊಡ್ಡ ಕುಟುಂಬ. 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ನರುಲಿ ಬರಿಸುವವೂ ಇವುಗಳ ಪೈಕಿಯೇ. ಕ್ಯಾನ್ಸರ್‌ವರೆಗೆ ಹೋಗಬಲ್ಲವು ಹದಿನಾಲ್ಕರಷ್ಟು ಮಾತ್ರ. ಅದರಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳು ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಕ್ಕೆ ಕಾರಣ. ಈ ಎರಡನ್ನೂ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ 1983-84ರಲ್ಲಿ ಕ್ಯಾನ್ಸರ್ ಗಡ್ಡೆಗಳಿಂದಲೇ ಹೊರತೆಗೆದು ತೋರಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಲೈಂಗಿಕ ಸಂಪರ್ಕ ಇರುವ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಜೀವನದಲ್ಲಿ ಒಮ್ಮೆಯಾದರೂ ಈ ಕುಟುಂಬದ ಯಾವುದಾದರೂ ವೈರಸ್ ತಗಲಿಯೇ ಇರುತ್ತದೆ. ಬಂದದ್ದು ಯಾವಾಗ ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹೋದ ತಿಂಗಳು ಬಂದಿರಬಹುದು, ಹತ್ತು ವರ್ಷದ ಹಿಂದೆ ಬಂದಿರಬಹುದು. ಪರೀಕ್ಷೆಗೆ ಸಿಗದಷ್ಟು ಅಡಗಿದ್ದು ಈಗ ಮತ್ತೆ ಕಾಣಿಸಿಕೊಂಡಿರಲೂಬಹುದು. ಹಾಗಾಗಿ ಇದು ಯಾರ ನಡತೆಗೂ ಸಾಕ್ಷಿಯಲ್ಲ. ಈ ಒಂದು ಮಾತು ಆ ಚೀಟಿಯಲ್ಲಿ ಇದ್ದಿದ್ದರೆ ಅದು ಬೀರು ಸೇರುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಇನ್ನು ವೈರಸ್ ಮಾಡುವ ಕೆಲಸಕ್ಕೆ ಬರುತ್ತೇನೆ. ಗರ್ಭಕಂಠದ ಹೊರಮೈಗೆ ಚರ್ಮದ ಹಾಗೆ ಪದರ ಪದರವಾದ ಹೊದಿಕೆ ಇದೆ. ಒಳದಾರಿಗೆ ಲೋಳೆ ಸುರಿಸುವ ಒಂದೇ ಪದರದ ಹೊದಿಕೆ. ಇವೆರಡೂ ಕೂಡುವ ಗಡಿ ವಯಸ್ಸಿನ ಜೊತೆ ಸರಿಯುತ್ತಾ ಹೋಗುತ್ತದೆ. ಒಳಹೊದಿಕೆಯ ಜಾಗದಲ್ಲಿ ಹೊರಹೊದಿಕೆ ಬೆಳೆಯುತ್ತಿರುತ್ತದೆ. ಹೀಗೆ ಬದಲಾಗುತ್ತಿರುವ ಉಂಗುರದಂಥ ಜಾಗವೇ ವೈರಸ್ಸಿಗೆ ಬೇಕಾದ ಜಾಗ. ಕಣ್ಣಿಗೆ ಕಾಣದಷ್ಟು ಸಣ್ಣ ತರಚಿನ ಮೂಲಕ ಅದು ತಳದ ಜೀವಕೋಶಗಳನ್ನು ಮುಟ್ಟುತ್ತದೆ. ತಳದ ಕೋಶ ಒಡೆದು ಎರಡಾಗಿ, ಮೇಲೇರಿ, ಉದುರಿ ಹೋಗುವಂಥದ್ದು. ವೈರಸ್ ಆ ಪಯಣದ ಜೊತೆಗೇ ಮೇಲೆ ಬಂದು, ಉದುರುವ ಕೋಶದೊಂದಿಗೆ ಹೊರಬೀಳುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ. ಕೋಶವನ್ನು ಸಿಡಿಸುವುದಿಲ್ಲ. ಜ್ವರ ಇಲ್ಲ, ಊತ ಇಲ್ಲ, ನೋವಿಲ್ಲ. ದೇಹದ ರಕ್ಷಣಾ ವ್ಯವಸ್ಥೆಗೆ ಕಳ್ಳ ಒಳಗಿದ್ದಾನೆ ಅಂತ ಗೊತ್ತಾಗುವುದೇ ತಡವಾಗಿ. “ಏನೂ ಇರಲಿಲ್ಲ” ಅಂತ ಅವರು ಅಂದರಲ್ಲ, ಅದು ನೂರಕ್ಕೆ ನೂರು ನಿಜ.

ತಡವಾದರೂ ಗೊತ್ತಾಗುತ್ತದೆ ಅನ್ನೋದು ಸಮಾಧಾನದ ವಿಷಯ. ಸುಮಾರು ಅರ್ಧದಷ್ಟು ಸೋಂಕುಗಳು ಒಂದು ವರ್ಷದೊಳಗೆ ಪರೀಕ್ಷೆಗೆ ಸಿಗದ ಹಾಗೆ ಅಡಗಿಬಿಡುತ್ತವೆ. ಎರಡು ವರ್ಷದ ಹೊತ್ತಿಗೆ ಹತ್ತರಲ್ಲಿ ಒಂಬತ್ತು. ಇದಕ್ಕೆ ಔಷಧಿ ಬೇಕಿಲ್ಲ. ನಿಜ ಹೇಳಬೇಕೆಂದರೆ ವೈರಸ್ಸನ್ನೇ ಓಡಿಸುವ ಔಷಧಿ ಇಲ್ಲವೇ ಇಲ್ಲ. ಪಾಸಿಟಿವ್ ಬಂದವರಿಗೆ ಕೆಲವು ಕಡೆ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಅದರಿಂದ ಉಪಯೋಗ ಇಲ್ಲ. ಮೇಲಾಗಿ ಚಿಕಿತ್ಸೆ ಮುಗಿಯಿತು ಎಂದುಕೊಂಡು ಆಕೆ ಮತ್ತೆ ಬರುವುದೇ ಇಲ್ಲ.

ಕ್ಯಾನ್ಸರ್‌ಗೆ ದಾರಿಯಾಗುವುದು ಆ ಹತ್ತನೆಯ ಸೋಂಕು, ಹೋಗದೆ ಉಳಿದದ್ದು. ಯಾಕೆ ಉಳಿಯುತ್ತದೆ? ಬಗೆ 16ಕ್ಕೆ ಉಳಿಯುವ ಗುಣ ಜಾಸ್ತಿ. ಬೀಡಿ ಸಿಗರೇಟು ಸೇದುವುದು ಅದಕ್ಕೆ ನೆರವಾಗುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದ್ದರಂತೂ ಇನ್ನೂ ಸಲೀಸು. ಎಚ್‌ಐವಿ ಇರುವ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಸಂಭವ ಸುಮಾರು ಆರು ಪಟ್ಟು. ಆದರೆ ಇದ್ಯಾವುದೂ ಇಲ್ಲದವರಲ್ಲೂ ಉಳಿಯಬಹುದು. ನಮ್ಮ ಈ 38ರ ಹೆಣ್ಣುಮಗಳು ಆರೋಗ್ಯವಾಗಿಯೇ ಇದ್ದರು.

ಉಳಿದ ವೈರಸ್ ತನ್ನ ಎರಡು ಪ್ರೋಟೀನ್‌ಗಳಿಂದ ಕೆಲಸ ಮಾಡುತ್ತದೆ. ಹೆಸರು ಇ6 ಮತ್ತು ಇ7. ನಮ್ಮ ಕೋಶಗಳಲ್ಲಿ ಆರ್‌ಬಿ ಎಂಬ ಪ್ರೋಟೀನ್ ಇದೆ. ಅಪ್ಪಣೆ ಸಿಗುವ ತನಕ ಕೋಶ ಒಡೆದು ಎರಡಾಗದ ಹಾಗೆ ಅದು ಹಿಡಿದಿಟ್ಟಿರುತ್ತದೆ. ಇ7 ಹೋಗಿ ಅದರ ಕೈ ಕಟ್ಟುತ್ತದೆ. ಪಿ53 ಎಂಬುದು ಇನ್ನೊಂದು. ಕೋಶದ ಡಿಎನ್ಎ ಹಾಳಾದರೆ ಕೆಲಸ ನಿಲ್ಲಿಸಿ ರಿಪೇರಿ ಮಾಡಿಸುವುದು, ಆಗದಿದ್ದರೆ ಆ ಕೋಶವನ್ನೇ ಸಾಯಿಸುವುದು ಅದರ ಕೆಲಸ. ಇ6 ಅದನ್ನು ಹಿಡಿದು ಕೋಶದ ಕಸದ ತೊಟ್ಟಿಗೆ ಸೇರಿಸುತ್ತದೆ. ಒಂದು ಕಡೆ ತಡೆಯಿಲ್ಲದೆ ಕೋಶ ಒಡೆಯುತ್ತಿದೆ, ಇನ್ನೊಂದು ಕಡೆ ತಪ್ಪು ತಿದ್ದುವವರಿಲ್ಲ. ಪ್ರತಿ ಸಲ ಒಡೆಯುವಾಗಲೂ ಒಂದಿಷ್ಟು ತಪ್ಪು ಸೇರುತ್ತಾ ಹೋಗುತ್ತದೆ. ಎಷ್ಟೋ ಸಲ ವೈರಸ್ಸಿನ ಡಿಎನ್ಎ ತುಂಡಾಗಿ ನಮ್ಮ ಕೋಶದ ಡಿಎನ್ಎಯೊಳಗೇ ಸೇರಿಕೊಳ್ಳುತ್ತದೆ. ಹಾಗೆ ತುಂಡಾಗುವಾಗ ಇ6, ಇ7ಗಳನ್ನು ಅಂಕೆಯಲ್ಲಿಟ್ಟಿದ್ದ ಇ2 ಎಂಬ ಭಾಗ ಮುರಿದುಹೋಗುತ್ತದೆ. ಆಮೇಲೆ ಅವೆರಡಕ್ಕೂ ಹಿಡಿತ ಇರುವುದಿಲ್ಲ.

ನೋಡಿ, ವೈರಸ್ ನೇರವಾಗಿ ಕ್ಯಾನ್ಸರ್ ಮಾಡುವುದಿಲ್ಲ. ತಪ್ಪುಗಳು ಒಂದರ ಮೇಲೊಂದು ಸೇರಲು ಬಿಡುತ್ತದೆ, ಅಷ್ಟೇ. ಅದಕ್ಕೆ ವರ್ಷಗಳು ಬೇಕು. ಆ ವರ್ಷಗಳೇ ನಮಗೆ ಸಿಗುವ ಅವಕಾಶ.

ಈ ನಡುವಿನ ಹಂತಕ್ಕೆ ಸಿಐಎನ್ ಎಂದು ಹೆಸರಿಟ್ಟು 1, 2, 3 ಅಂತ ಗುರುತಿಸುತ್ತೇವೆ. ಕೆಟ್ಟ ಕೋಶಗಳು ಹೊದಿಕೆಯ ಕೆಳಗಿನ ಮೂರನೇ ಒಂದು ಭಾಗದಲ್ಲಷ್ಟೇ ಇದ್ದರೆ 1. ಇದು ಹೆಚ್ಚುಕಡಿಮೆ ಸೋಂಕಿನ ಗುರುತು, ಬಹುಪಾಲು ತಾನೇ ಹೋಗುತ್ತದೆ. 2 ಕೂಡ ಸುಮಾರು ಅರ್ಧದಷ್ಟು ಎರಡು ವರ್ಷದಲ್ಲಿ ಹಿಂದೆ ಸರಿಯುತ್ತದೆ. ಹೊದಿಕೆಯ ಪೂರ್ತಿ ದಪ್ಪಕ್ಕೆ ಹರಡಿದ್ದರೆ 3. ಆಗಲೂ ಅದು ಕ್ಯಾನ್ಸರ್ ಅಲ್ಲ. ಹೊದಿಕೆಯ ಅಡಿಯಲ್ಲಿರುವ ತೆಳು ಪೊರೆಯನ್ನು ದಾಟಿ ಕೆಳಗಿಳಿದರೆ ಮಾತ್ರ ಕ್ಯಾನ್ಸರ್. ಸೋಂಕು ತಗಲಿ ಎರಡು ಮೂರು ವರ್ಷಕ್ಕೇ ಸಿಐಎನ್ 3 ಕಾಣಬಹುದು. ಅಲ್ಲಿಂದ ಪೊರೆ ದಾಟಲು ಸಾಮಾನ್ಯವಾಗಿ ಹತ್ತು ವರ್ಷ, ಇಪ್ಪತ್ತು ವರ್ಷ ಹಿಡಿಯುತ್ತದೆ.

ಹಾಗೇ ಬಿಟ್ಟರೆ ಎಷ್ಟು ಜನರಿಗೆ ಕ್ಯಾನ್ಸರ್ ಆಗುತ್ತದೆ ಅನ್ನೋದು ನಮಗೆ ಗೊತ್ತಿದೆ. ಗೊತ್ತಾದ ರೀತಿ ಮಾತ್ರ ನೋವಿನದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಒಂದು ಆಸ್ಪತ್ರೆಯ ವೈದ್ಯ ಹರ್ಬರ್ಟ್ ಗ್ರೀನ್ ಅವರಿಗೆ ಈ ಹಂತ ಕ್ಯಾನ್ಸರ್ ಆಗುವುದೇ ಇಲ್ಲ ಎಂಬ ನಂಬಿಕೆ ಇತ್ತು. 1966ರಿಂದ ಅವರು ಎಷ್ಟೋ ಹೆಂಗಸರಿಗೆ ಪೂರ್ತಿ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಾ ಹೋದರು. ಆ ಹೆಂಗಸರಿಗೆ ವಿಷಯ ತಿಳಿಸಿರಲಿಲ್ಲ. 1987ರಲ್ಲಿ ಇದು ಬಯಲಾಗಿ, ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಅಲ್ಲಿನ ದಾಖಲೆಗಳನ್ನೆಲ್ಲ ಮತ್ತೆ ಪರಿಶೀಲಿಸಿದ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಬರೀ ಚೂರು ತೆಗೆದು ಪರೀಕ್ಷಿಸಿ ಬಿಟ್ಟಿದ್ದ 143 ಹೆಂಗಸರಲ್ಲಿ, 30 ವರ್ಷದೊಳಗೆ ಕ್ಯಾನ್ಸರ್ ಆಗುವ ಪ್ರಮಾಣ 31 ಶೇಕಡ. ಎರಡು ವರ್ಷ ಕಳೆದರೂ ಆ ಕೆಟ್ಟ ಕೋಶಗಳು ಉಳಿದೇ ಇದ್ದವರನ್ನಷ್ಟೇ ತೆಗೆದುಕೊಂಡರೆ 50 ಶೇಕಡ. ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ 0.7 ಶೇಕಡ.

ಈ ಮೂರು ಅಂಕಿಗಳನ್ನು ನಿಮ್ಮ ಸಭೆಗಳಲ್ಲಿ ದಯವಿಟ್ಟು ಎದುರಿಗಿಟ್ಟುಕೊಳ್ಳಿ. ಇವುಗಳ ಹಿಂದೆ ಇರುವುದು ಕೇಳದೆ ಕಾಯಿಸಿದ ಹೆಂಗಸರು. ವರದಿ ಕೊಟ್ಟು ಮತ್ತೆ ಕರೆಯದೆ ಬಿಟ್ಟರೆ, ಉದ್ದೇಶ ಬೇರೆಯಾದರೂ, ಆ ಹೆಣ್ಣುಮಗಳ ದೇಹದ ಮಟ್ಟಿಗೆ ಆಗುವುದು ಅದೇ ಅಲ್ವಾ?

ಆ 38ರ ಹೆಣ್ಣುಮಗಳ ವಿಷಯಕ್ಕೆ ವಾಪಸ್ ಬರುತ್ತೇನೆ. ಬಿಳಿಮುಟ್ಟಿಗೆ ಕಾರಣ ಬೇರೆ ಒಂದು ಮಾಮೂಲಿ ಸೋಂಕು, ವಾರದಲ್ಲಿ ವಾಸಿಯಾಯಿತು. ಆಮೇಲೆ ಎಚ್‌ಪಿವಿ ಪರೀಕ್ಷೆ ಮತ್ತೆ ಮಾಡಿದೆ. 16 ಹಾಗೇ ಇತ್ತು. ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲವೂ ಅದೇ ಬಗೆ. ನಡುವೆ ಹೋಗಿ ಮತ್ತೆ ಬಂದಿತ್ತು ಎಂದೂ ವಾದಿಸಬಹುದು, ಆದರೆ ನಾನು ಆ ಆಸೆ ಇಟ್ಟುಕೊಳ್ಳಲಿಲ್ಲ. ಹಾಗೆ ನೋಡಿದರೆ 16 ಅಥವಾ 18 ಬಂದವರನ್ನು ಮೊದಲ ಸಲವೇ ಕಾಲ್ಪಾಸ್ಕೊಪಿಗೆ ಕಳಿಸಬೇಕು. ಕೋಶದ ಆಕಾರ ನೋಡುವ ಪ್ಯಾಪ್ ಸ್ಮಿಯರ್ ಪರೀಕ್ಷೆ ನಾರ್ಮಲ್ ಇದ್ದರೂ ಕಳಿಸಬೇಕು. ಬೇರೆ ಬಗೆಗಳಾದರೆ ಪ್ಯಾಪ್ ಅಥವಾ ಇನ್ನೊಂದು ಪರೀಕ್ಷೆ ಮಾಡಿ, ಅದು ಸರಿ ಇದ್ದರೆ ಒಂದು ವರ್ಷ ಬಿಟ್ಟು ವೈರಸ್ ಉಳಿದಿದೆಯೇ ಎಂದು ನೋಡಬಹುದು.

ಕಾಲ್ಪಾಸ್ಕೊಪಿ ಅಂದರೆ ಹೊರಗೆ ನಿಲ್ಲಿಸಿದ ಭೂತಗನ್ನಡಿಯಿಂದ ಗರ್ಭಕಂಠವನ್ನು ದೊಡ್ಡದಾಗಿ ನೋಡುವುದು. ಮೊದಲು ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತೇವೆ. ಕೋಶಗಳು ಒತ್ತೊತ್ತಾಗಿ ಬೆಳೆದಿರುವ ಕಡೆ ಅದು ಬೆಳ್ಳಗಾಗುತ್ತದೆ. ಅವರಲ್ಲಿ ಗರ್ಭಕಂಠದ ಮೇಲ್ತುಟಿಯ ಮೇಲೆ, ಗಡಿಯಾರದ 11ರಿಂದ 1ರವರೆಗಿನ ಜಾಗದಲ್ಲಿ, ದಟ್ಟ ಬಿಳಿ ಮಚ್ಚೆ ಎದ್ದಿತು. ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ. ಒಳಗೆ ಒರಟು ಕಲ್ಲು ಹಾಸಿನ ಸಂದುಗಳ ಹಾಗೆ ರಕ್ತನಾಳದ ಗೆರೆಗಳು. ಅಯೋಡಿನ್ ಹಚ್ಚಿದಾಗ ಆರೋಗ್ಯದ ಜಾಗ ಕಂದು ಬಣ್ಣಕ್ಕೆ ತಿರುಗಿತು, ಅಷ್ಟು ಜಾಗ ಮಾತ್ರ ಹಳದಿಯಾಗಿ ಉಳಿಯಿತು. ಎರಡು ಚೂರು ಬಯಾಪ್ಸಿ ತೆಗೆದೆ. ವರದಿ ಸಿಐಎನ್ 3. ಪೊರೆ ದಾಟಿರಲಿಲ್ಲ.

ಚಿಕಿತ್ಸೆಗೆ ಹಿಡಿದದ್ದು ಕಾಲು ಗಂಟೆ. ಲೀಪ್ ಎನ್ನುತ್ತೇವೆ. ಗರ್ಭಕಂಠಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಆ ಬದಲಾವಣೆಯ ಉಂಗುರವನ್ನು ಒಂದು ಸೆಂಟಿಮೀಟರ್‌ನಷ್ಟು ಆಳಕ್ಕೆ ತೆಗೆಯುವುದು. ಅವರು ಅವತ್ತೇ ನಡೆದುಕೊಂಡು ಮನೆಗೆ ಹೋದರು. ತೆಗೆದ ತುಂಡಿನ ಅಂಚುಗಳಲ್ಲಿ ಕೆಟ್ಟ ಕೋಶ ಇರಲಿಲ್ಲ. ಆರು ತಿಂಗಳಿಗೆ ಎಚ್‌ಪಿವಿ ನೆಗೆಟಿವ್ ಬಂತು. ಇಷ್ಟಕ್ಕೆ ಮುಗಿಯಿತು ಎಂದು ನಾನು ಹೇಳಲಿಲ್ಲ. ಮೊದಲು ವರ್ಷಕ್ಕೊಮ್ಮೆ, ಸತತ ಮೂರು ಸಲ ನೆಗೆಟಿವ್ ಬಂದ ಮೇಲೆ ಮೂರು ವರ್ಷಕ್ಕೊಮ್ಮೆ, ಹೀಗೆ ಕನಿಷ್ಠ 25 ವರ್ಷ ಅವರು ಪರೀಕ್ಷೆ ಮಾಡಿಸಬೇಕು. ಸಿಐಎನ್ 3 ಆದವರಲ್ಲಿ ಅಪಾಯ ಅಷ್ಟು ದಿನ ಇತರರಿಗಿಂತ ಜಾಸ್ತಿ ಇರುತ್ತದೆ.

ಅದೇ ತಿಂಗಳು ಇನ್ನೊಬ್ಬರು ಬಂದಿದ್ದರು. ಅವರ ಚೀಟಿ ಹನ್ನೊಂದು ವರ್ಷ ಹಳೆಯದು. ಸಂಪರ್ಕವಾದಾಗಲೆಲ್ಲ ರಕ್ತ ಹೋಗುತ್ತಿತ್ತು. ಅವರಿಗೆ ಲೀಪ್‌ನ ಮಾತೇ ಇರಲಿಲ್ಲ, ರೇಡಿಯೇಶನ್ ಮತ್ತು ಕೀಮೋಗೆ ಕಳಿಸಬೇಕಾಯಿತು. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುತ್ತಿಲ್ಲ.

ಈಗ ಯಾವ ಪರೀಕ್ಷೆ ಎಂಬ ಪ್ರಶ್ನೆ. ಪ್ಯಾಪ್ ಸ್ಮಿಯರ್ ಕೋಶದ ಆಕಾರ ನೋಡುತ್ತದೆ. ಅದು ಎಷ್ಟೋ ಜೀವ ಉಳಿಸಿದೆ. ಆದರೆ ಒಂದು ಸಲದ ಪ್ಯಾಪ್‌ನ ಕಣ್ಣಿಗೆ ಬಹಳಷ್ಟು ಬೀಳುವುದಿಲ್ಲ, ಅದಕ್ಕೇ ಅದನ್ನು ಮೂರು ವರ್ಷಕ್ಕೊಮ್ಮೆ ಮಾಡುತ್ತಲೇ ಇರಬೇಕು. ಎಚ್‌ಪಿವಿ ಪರೀಕ್ಷೆ ವೈರಸ್ಸನ್ನೇ ಹುಡುಕುತ್ತದೆ. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ ಸುಮಾರು 1 ಲಕ್ಷ 31 ಸಾವಿರ ಹೆಂಗಸರನ್ನು ಸೇರಿಸಿ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಒಂದೇ ಸಲ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್, ಇನ್ನೊಂದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿಂದ ನೋಡುವುದು, ನಾಲ್ಕನೆಯದಕ್ಕೆ ಅಲ್ಲಿ ಮೊದಲಿಂದ ಇದ್ದ ವ್ಯವಸ್ಥೆ. ಎಂಟು ವರ್ಷದ ಕೊನೆಗೆ ಎಚ್‌ಪಿವಿ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಉಳಿದೆರಡು ಪರೀಕ್ಷೆಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಪಾಸಿಟಿವ್ ಬಂದವರಿಗೆ ಕಾಲ್ಪಾಸ್ಕೊಪಿ, ಬೇಕಾದವರಿಗೆ ಚಿಕಿತ್ಸೆ, ಇವೆರಡನ್ನೂ ಆ ಅಧ್ಯಯನವೇ ಒದಗಿಸಿತ್ತು ಎಂಬುದನ್ನು ಮರೆಯಬೇಡಿ. ಸಾವು ಅರ್ಧಕ್ಕೆ ಇಳಿದದ್ದು ಆ ಎರಡನೇ ಭೇಟಿಯಿಂದ.

ಈ ಪರೀಕ್ಷೆಯ ದೊಡ್ಡ ಬಲ ಅದರ ನೆಗೆಟಿವ್. ಈಗ ವೈರಸ್ ಇಲ್ಲ ಅಂದರೆ, ಹೊಸದಾಗಿ ಬಂದು, ಉಳಿದು, ತಪ್ಪುಗಳು ಸೇರಿ ಕ್ಯಾನ್ಸರ್ ಆಗಲು ಮತ್ತೆ ಅಷ್ಟೇ ವರ್ಷ ಬೇಕು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 30ರಿಂದ ಶುರುಮಾಡಿ 5ರಿಂದ 10 ವರ್ಷಕ್ಕೊಮ್ಮೆ ಸಾಕು ಎನ್ನುತ್ತದೆ. ಎಚ್‌ಐವಿ ಇದ್ದವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ. ಮಾದರಿಯನ್ನು ಹೆಂಗಸರೇ ಬ್ರಷ್‌ನಿಂದ ತೆಗೆದುಕೊಳ್ಳಬಹುದು. ಪಿಸಿಆರ್ ಬಗೆಯ ಪರೀಕ್ಷೆಗಳಲ್ಲಿ ಅದು ವೈದ್ಯರು ತೆಗೆದದ್ದಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಕೆಲಸ ಮಾಡುತ್ತದೆ. ಆಸ್ಪತ್ರೆಯ ಮೇಜಿನ ಮೇಲೆ ಮಲಗಲು ಸಂಕೋಚಪಡುವವರಿಗೆ ಇದು ದೊಡ್ಡ ಅನುಕೂಲ.

ಅದರ ದೌರ್ಬಲ್ಯ ಪಾಸಿಟಿವ್‌ನಲ್ಲಿದೆ. ಪಾಸಿಟಿವ್ ಬಂದ ಬಹುಪಾಲು ಜನರಿಗೆ ಸಿಐಎನ್ 3 ಇರುವುದಿಲ್ಲ. ಇಪ್ಪತ್ತರ ಹರೆಯದವರನ್ನು ಪರೀಕ್ಷಿಸಿದರಂತೂ ತಾವೇ ಹೋಗಲಿರುವ ಸೋಂಕುಗಳೇ ರಾಶಿ ರಾಶಿ ಸಿಗುತ್ತವೆ. ಕೆಲವು ಶಿಬಿರಗಳಲ್ಲಿ ಅಂಕಿ ತುಂಬಿಸಲು ಅವರನ್ನೂ ಸೇರಿಸುವುದನ್ನು ನಾನು ನೋಡಿದ್ದೇನೆ. ಇದರಿಂದ ಹಾನಿಯೇ ಆಗುತ್ತದೆ. ಅನಗತ್ಯ ಲೀಪ್ ಆದರೆ ಮುಂದಿನ ಬಸಿರಿನಲ್ಲಿ ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಇನ್ನೊಂದು ಮಾತು. ತಪಾಸಣೆ ಇರುವುದು ತೊಂದರೆ ಇಲ್ಲದವರಿಗೆ. ಸಂಪರ್ಕದ ನಂತರ, ಎರಡು ಮುಟ್ಟಿನ ನಡುವೆ, ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡವರನ್ನು ಎಚ್‌ಪಿವಿ ನೆಗೆಟಿವ್ ಇದ್ದರೂ ಪರೀಕ್ಷಿಸಲೇಬೇಕು. ಅಪರೂಪಕ್ಕೆ ವೈರಸ್ ಇಲ್ಲದ ಗರ್ಭಕಂಠದ ಕ್ಯಾನ್ಸರ್ ಕೂಡ ಇರುತ್ತದೆ.

ಲಸಿಕೆಯ ವಿಷಯದಲ್ಲೂ ಇದೇ ಸಮಯದ ಲೆಕ್ಕ. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಗವಚದ ಎಲ್1 ಎಂಬ ಪ್ರೋಟೀನ್ ಮಾತ್ರ. ಅದು ತಾನಾಗಿ ಜೋಡಿಸಿಕೊಂಡು ವೈರಸ್ಸಿನ ಹಾಗೇ ಕಾಣುವ ಪೊಳ್ಳು ಚೆಂಡಾಗುತ್ತದೆ. ಒಳಗೆ ಡಿಎನ್ಎ ಇಲ್ಲ, ಆದ್ದರಿಂದ ಅದರಿಂದ ಸೋಂಕು ಬರಲಾರದು. ನಿಜವಾದ ವೈರಸ್ ರಕ್ತಕ್ಕೆ ಇಳಿಯದೆ ಕದ್ದು ಕೂರುತ್ತದೆ ಎಂದೆನಲ್ಲ, ಲಸಿಕೆ ತೋಳಿನ ಸ್ನಾಯುವಿನೊಳಗೆ ರಾಜಾರೋಷವಾಗಿ ಹೋಗುತ್ತದೆ. ಹಾಗಾಗಿ ನಿಜ ಸೋಂಕಿಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರತಿಕಾಯಗಳು ಹುಟ್ಟುತ್ತವೆ. ಅವು ತಳದ ಕೋಶ ಮುಟ್ಟುವ ಮುಂಚೆಯೇ ವೈರಸ್ಸನ್ನು ಹಿಡಿಯುತ್ತವೆ. ಕೋಶದೊಳಗೆ ಸೇರಿದ ಮೇಲೆ ಅವು ಏನೂ ಮಾಡಲಾರವು. ಆಗಲೇ ಸೋಂಕಿದ್ದವರಿಗೆ ಲಸಿಕೆ ಕೊಟ್ಟು ಕೋಸ್ಟರಿಕಾದಲ್ಲಿ ನೋಡಿದರು. ಸೋಂಕು ಬೇಗ ಹೋಗಲಿಲ್ಲ ಎಂದು 2007ರಲ್ಲೇ ಗೊತ್ತಾಯಿತು.

ಇದರ ಅರ್ಥ ಸ್ವೀಡನ್ನಿನ ಅಂಕಿಗಳಲ್ಲಿ ಕಾಣುತ್ತದೆ. 16 ಲಕ್ಷಕ್ಕೂ ಹೆಚ್ಚು ಹುಡುಗಿಯರ ಮತ್ತು ಯುವತಿಯರ ದಾಖಲೆ ನೋಡಿ 2020ರಲ್ಲಿ ಪ್ರಕಟಿಸಿದ್ದು. 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ 88 ಶೇಕಡ ಕಡಿಮೆ. 17ರಿಂದ 30ರ ನಡುವೆ ಪಡೆದವರಲ್ಲಿ 53 ಶೇಕಡ. ಲಸಿಕೆ ಅದೇ, ಕೊಟ್ಟ ವಯಸ್ಸು ಬೇರೆ. ಸ್ಕಾಟ್‌ಲೆಂಡಿನಲ್ಲಿ 12-13ರ ವಯಸ್ಸಿಗೆ ಲಸಿಕೆ ಪೂರ್ತಿ ಪಡೆದವರಲ್ಲಿ ಒಂದೂ ಗರ್ಭಕಂಠದ ಕ್ಯಾನ್ಸರ್ ಕಂಡಿಲ್ಲ ಎಂದು 2024ರ ವರದಿ ಹೇಳಿತು. 9ರಿಂದ 20ರವರೆಗೆ ಒಂದು ಅಥವಾ ಎರಡು ಡೋಸ್ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಹೇಳುತ್ತಿದೆ. 21 ದಾಟಿದವರಿಗೆ ಎರಡು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಸಾಧ್ಯವಾದರೆ ಮೂರು.

“ಹುಡುಗಿ ಇನ್ನೂ ಚಿಕ್ಕವಳು, ಇವಳಿಗ್ಯಾಕೆ ಈಗಲೇ?” ಎಂದು ಕೇಳುವ ತಾಯಂದಿರು ತಪ್ಪು ಕೇಳುತ್ತಿಲ್ಲ. ಉತ್ತರ ಸರಿಯಾಗಿ ಹೇಳುವವರಿಲ್ಲ. ಚಿಕ್ಕವಳು ಅನ್ನೋದೇ ಕಾರಣ. ವೈರಸ್ ಬಂದ ಮೇಲೆ ಕೊಟ್ಟರೆ ಆ ಬಗೆಯ ಮಟ್ಟಿಗೆ ಅದು ತಡವಾಯಿತು. ಜೊತೆಗೆ, ಲಸಿಕೆ ಹಾಕಿಸಿದ್ದೇವಲ್ಲ ಎಂದು 30ರ ನಂತರದ ತಪಾಸಣೆ ಬಿಡುವಂತಿಲ್ಲ. ಒಂಬತ್ತು ಬಗೆಗಳಿಗೆ ಇರುವ ಲಸಿಕೆ ಕೂಡ ಈ ಕ್ಯಾನ್ಸರ್‌ನ ಸುಮಾರು 90 ಶೇಕಡಕ್ಕೆ ಕಾರಣವಾದ ಬಗೆಗಳನ್ನಷ್ಟೇ ತಡೆಯುತ್ತದೆ.

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗುರಿ ನಿಮಗೆ ಗೊತ್ತೇ ಇದೆ. 15 ತುಂಬುವುದರೊಳಗೆ 90 ಶೇಕಡ ಹುಡುಗಿಯರಿಗೆ ಲಸಿಕೆ, 35ರ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ 70 ಶೇಕಡ ಹೆಂಗಸರಿಗೆ ಪರೀಕ್ಷೆ, ತೊಂದರೆ ಕಂಡವರಲ್ಲಿ 90 ಶೇಕಡ ಜನರಿಗೆ ಚಿಕಿತ್ಸೆ. ಮೊದಲ ಎರಡನ್ನು ಎಲ್ಲರೂ ಎಣಿಸುತ್ತಾರೆ. ಮೂರನೆಯದನ್ನು ಎಣಿಸುವವರು ಕಡಿಮೆ. ನಿಮ್ಮ ವಾರ್ಷಿಕ ವರದಿಯಲ್ಲಿ ಎಷ್ಟು ಮಾದರಿ ತೆಗೆದಿರಿ ಎಂಬ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಬೇಕು ಎಂದು ಕೇಳುತ್ತೇನೆ. ಪಾಸಿಟಿವ್ ಬಂದವರಲ್ಲಿ ಎಷ್ಟು ಜನ ಆರು ತಿಂಗಳೊಳಗೆ ಮುಂದಿನ ಪರೀಕ್ಷೆ ಮುಗಿಸಿದರು? ಬಾರದವರಿಗೆ ಫೋನ್ ಮಾಡಲು ಒಬ್ಬರನ್ನು ನೇಮಿಸಿ. ಫೋನಿನಲ್ಲಿ ಗಂಡನಿಗೋ ಅತ್ತೆಗೋ ಹೇಳದೆ, ಅವರಿಗೇ ಹೇಳುವಂತೆ ನೋಡಿಕೊಳ್ಳಿ. ಒಂದು ವರ್ಷ ಕಾಯಬಹುದಾದವರಿಗೆ ಮುಂದಿನ ತಾರೀಖನ್ನು ಅವತ್ತೇ ಬರೆದುಕೊಡಿ.

ಕೊನೆಗೆ ಆ ಚೀಟಿ. ಅದರಲ್ಲಿ ಹೀಗೆ ಬರೆದರೆ ಸಾಕು:

‘ನಿಮ್ಮಲ್ಲಿ ಎಚ್‌ಪಿವಿ ವೈರಸ್ ಸಿಕ್ಕಿದೆ. ಇದು ಕ್ಯಾನ್ಸರ್ ಅಲ್ಲ. ಇದು ಬಹುಪಾಲು ಜನರಿಗೆ ಒಮ್ಮೆಯಾದರೂ ಬಂದು ಹೋಗುವ ವೈರಸ್. ಯಾವಾಗ ಬಂತು, ಯಾರಿಂದ ಬಂತು ಎಂದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿ ಅಡಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಹಾಗೆ ಉಳಿದರೆ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು. ನಿಮ್ಮಲ್ಲಿ ಈಗ ಕೆಟ್ಟ ಕೋಶಗಳಿವೆಯೇ ಎಂದು ನೋಡಲು ಇನ್ನೊಂದು ಪರೀಕ್ಷೆ ಬೇಕು. ನೋವು ಇಲ್ಲದಿದ್ದರೂ ಬನ್ನಿ. ನಿಮ್ಮ ತಾರೀಖು ಇದು, ಜಾಗ ಇದು. ಬರಲು ಆಗದಿದ್ದರೆ ಈ ನಂಬರಿಗೆ ಹೇಳಿ, ಬೇರೆ ದಿನ ಕೊಡುತ್ತೇವೆ.’

ಆ 38ರ ಹೆಣ್ಣುಮಗಳ ಹಳೆಯ ವರದಿಯ ನಕಲು ನನ್ನ ಬಳಿ ಇದೆ. ಎರಡು ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಇಷ್ಟನ್ನೂ ಕೈಯಲ್ಲೇ ಬರೆದು ನೋಡಿದೆ. ಹಿಡಿಸುತ್ತದೆ.

ಇಂತಿ,
ಕಾಲ್ಪಾಸ್ಕೊಪಿ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬ ವೈದ್ಯೆ